ಕಾಲೇಜಿನ ಪ್ರವೇಶಚಿತ್ರವೂ ಕಾಲೇಜಿನ ನಿಜಸ್ಥಿತಿಯೂ

ರಾಮನಗರದ ಸೀಮೆಗೆ ಚಲಚ್ಚಿತ್ರವು ಹೊಸದೇನೂ ಅಲ್ಲ. 1975ರಲ್ಲಿ ತೆರೆಕಂಡ ‘ಶೋಲೆ’ ಎಂಬ ಹಿಂದೀ ಚಿತ್ರಕ್ಕಾಗಿ ರಮೇಶ್ ಸಿಪ್ಪಿಯವರು ರಾಮದೇವರ ಬೆಟ್ಟದ ತಪ್ಪಲಿನಲ್ಲಿ ರಾಮಗಢವೆಂಬ ಇಲ್ಲದ ಊರೊಂದನ್ನೇ ಕಟ್ಟಿಸಿದರು. ಡೇವಿಡ್ ಲೀನ್ ಎಂಬ ಆಂಗ್ಲ ನಿರ್ದೇಶಕರು ತಮ್ಮ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದಲ್ಲಿ ಇದೇ ಸೀಮೆಯ ಬಂಡೆಗಳಿಗೆ ಮರಬಾರ್ ಗುಹೆಗಳ ವೇಷವನ್ನು ತೊಡಿಸಿದರು. ಕಥಾಚಿತ್ರಕ್ಕೆ ಇದು ಸಲ್ಲುವ ಮಾತು. ಇಲ್ಲದ ಊರನ್ನು ನೋಡಿದ ಪ್ರೇಕ್ಷಕನು ಆ ಊರಿಗೆ ಸಂಸಾರ ಹೂಡಲು ಹೊರಡುವುದಿಲ್ಲ. ಆದರೆ ಪ್ರವೇಶದ ಕಾಲಕ್ಕೆ ಕಾಲೇಜುಗಳು ತಯಾರಿಸಿ ಎಲ್ಲರ ಮೊಬೈಲಿಗೂ ಕಳುಹಿಸುವ ಚಿತ್ರಗಳನ್ನು ನಂಬಿ ಹದಿನೇಳು ಹದಿನೆಂಟು ವಯಸ್ಸಿನ ಹುಡುಗ ಹುಡುಗಿಯರು ತಮ್ಮ ಮೂರು ವರ್ಷಗಳನ್ನೂ, ಅವರ ತಂದೆತಾಯಿಗಳು ರೇಷ್ಮೆಗೂಡು ಮಾರಿದ ಹಣವನ್ನೂ ಅಲ್ಲಿ ಹೂಡುವರು. ಇಲ್ಲಿ ರಾಮಗಢವನ್ನು ಕಟ್ಟುವುದು ಕಲೆಯಲ್ಲ, ವಂಚನೆ.

ಇಂತಹ ಚಿತ್ರಗಳನ್ನು ನೋಡಿದ ವಾಚಕರಿಗೆ ಅವುಗಳ ಮಾದರಿ ಬಾಯಿಪಾಠವಾಗಿರುವುದು. ಡ್ರೋನ್ ಯಂತ್ರವು ಆಕಾಶದಿಂದ ಕಟ್ಟಡವನ್ನು ಸುತ್ತುವುದು. ಜನರಿಲ್ಲದ ಹಜಾರ, ಧೂಳಿಲ್ಲದ ಕಂಪ್ಯೂಟರುಗಳು, ದೀಪ ಬೆಳಗಿಸುವ ಅಧ್ಯಕ್ಷರು. ಇವೆಲ್ಲದರ ಮೇಲೆ ಗಂಭೀರ ಕಂಠವೊಂದು ‘ಉತ್ಕೃಷ್ಟತೆಯ ಕಡೆಗೆ’, ‘ಕನಸುಗಳಿಗೆ ರೆಕ್ಕೆ’ ಎಂದು ಸಾರುವುದು. ರಾಮದೇವರ ಬೆಟ್ಟದ ರಣಹದ್ದುಗಳ ಹೊರತು ಯಾರೂ ತಮ್ಮ ಕಾಲೇಜನ್ನು ಆ ಎತ್ತರದಿಂದ ಕಂಡವರಿಲ್ಲ. ಇದೆಲ್ಲ ಆಡಳಿತವರ್ಗದ ದುರುದ್ದೇಶದಿಂದಲೇ ಆಗುವುದೆಂದು ನಾವು ಹೇಳುವುದಿಲ್ಲ. ಬಹುಮಟ್ಟಿಗೆ ಇದು ಕಾಲವಿಳಂಬದ ಫಲ. ಈಚಿನ ವರ್ಷಗಳಲ್ಲಿ ದ್ವಿತೀಯ ಪಿಯುಸಿ ಫಲಿತಾಂಶವು ಏಪ್ರಿಲ್ ತಿಂಗಳಲ್ಲಿ ಬರುವುದು. ಅದು ಬಂದ ಮೇಲೆ ಕಾಲೇಜಿನವರಿಗೆ ಚಿತ್ರದ ನೆನಪಾಗುವುದು. ಅಷ್ಟು ಹೊತ್ತಿಗೆ ತರಗತಿಗಳು ಮುಗಿಯುತ್ತ ಬಂದಿರುವುವು, ವಿದ್ಯಾರ್ಥಿಗಳು ಪರೀಕ್ಷೆಯ ಚಿಂತೆಯಲ್ಲಿಯೋ ಊರಿನಲ್ಲಿಯೋ ಇರುವರು. ಚಿತ್ರಿಸಲು ಜೀವನವೇ ಇಲ್ಲವಾದಾಗ ಕಟ್ಟಡವನ್ನು ಚಿತ್ರಿಸಬೇಕಾಗುವುದು. ಕಟ್ಟಡವು ಮಾತನಾಡದ್ದರಿಂದ ಘೋಷವಾಕ್ಯವು ಮಾತನಾಡುವುದು. ಆದಕಾರಣ ಸತ್ಯವಾದ ಚಿತ್ರಕ್ಕೆ ಮೊದಲನೆಯ ನಿಯಮವೇ ಇದು: ತರಗತಿಗಳು ತುಂಬಿ ನಡೆಯುತ್ತಿರುವ ತಿಂಗಳಲ್ಲಿ, ಯಾವ ಉತ್ಸವವೂ ಇಲ್ಲದ ಸಾಧಾರಣ ಮಂಗಳವಾರವೋ ಬುಧವಾರವೋ ಚಿತ್ರೀಕರಣ ನಡೆಯತಕ್ಕದ್ದು.

ಎರಡನೆಯದು, ಬರವಣಿಗೆಯ ಕ್ರಮ. ನಮ್ಮಲ್ಲಿ ಮೊದಲು ನಿರೂಪಣೆಯ ಭಾಷಣವನ್ನು ಬರೆದು, ಆಮೇಲೆ ಅದರ ಮೇಲೆ ಚಿತ್ರಗಳನ್ನು ಅಂಟಿಸುವ ರೂಢಿಯುಂಟು. ಇದು ತಿರುವುಮುರುವಾದ ಕ್ರಮ. ಚಿತ್ರಕಥೆಯ ಹಾಳೆಯನ್ನು ಎರಡು ಅಂಕಣಗಳಾಗಿ ಸೀಳಿ, ಎಡಗಡೆ ಕಣ್ಣಿಗೆ ಕಾಣುವುದನ್ನೂ ಬಲಗಡೆ ಕಿವಿಗೆ ಕೇಳುವುದನ್ನೂ ಬರೆಯಬೇಕು. ಎಡಗಡೆಯ ಅಂಕಣ ಪೂರ್ತಿಯಾಗುವ ತನಕ ಬಲಗಡೆ ನಿರೂಪಕನಿಗೆ ಒಂದು ಮಾತನ್ನೂ ಕೊಡಬಾರದು. ಕನ್ನಡವನ್ನು ಸಾವಧಾನವಾಗಿ ಓದಿದರೆ ನಿಮಿಷಕ್ಕೆ ಸುಮಾರು 80ರಿಂದ 100 ಪದಗಳಾಗುವುವು. ನಾಲ್ಕು ನಿಮಿಷದ ಚಿತ್ರದಲ್ಲಿ ನಿರೂಪಣೆಗೆ ಒಂದೂವರೆ ನಿಮಿಷಕ್ಕಿಂತ ಹೆಚ್ಚು ಸಲ್ಲದು. ಅಂದರೆ ಒಟ್ಟು 130 ಪದಗಳಷ್ಟೇ. ಈ ಮಿತವ್ಯಯವನ್ನು ಒಪ್ಪಿಕೊಂಡ ಲೇಖಕನು ‘ಉತ್ಕೃಷ್ಟತೆ’ಗೆ ಒಂದು ಪದವನ್ನೂ ದಂಡ ತೆರಲಾರನು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮಾಗಡಿಯಲ್ಲಿ ಒಂದು ಪದವಿ ಕಾಲೇಜು. ಅಲ್ಲಿಗೆ ಹದಿನೆಂಟು ಕಿಲೋಮೀಟರು ದೂರದ ಹಳ್ಳಿಯಿಂದ ಬರುವ ವಿದ್ಯಾರ್ಥಿನಿ. ರಾಮನಗರಕ್ಕೂ ಚನ್ನಪಟ್ಟಣಕ್ಕೂ ಬೆಂಗಳೂರು ಮೈಸೂರು ರೈಲುಂಟು. ಮಾಗಡಿಗೂ ಕನಕಪುರಕ್ಕೂ ರೈಲಿಲ್ಲ. ಆದ್ದರಿಂದ ಇವಳ ಕಾಲೇಜು ಕಾಲೇಜಿನ ಗೇಟಿನಲ್ಲಿ ಆರಂಭವಾಗುವುದಿಲ್ಲ, ಊರಿನ ಬಸ್ಸು ನಿಲ್ದಾಣದಲ್ಲಿ ಆರಂಭವಾಗುವುದು. ಚಿತ್ರದ ಮೊದಲ ದೃಶ್ಯವೂ ಅಲ್ಲಿಯೇ ಇರಲಿ: ಬೆಳಗಿನ ಮಬ್ಬು, ಬಸ್ಸಿಗೆ ಕಾಯುವ ನಾಲ್ವರು ಹುಡುಗಿಯರು, ಕಂಡಕ್ಟರನು ಹರಿದುಕೊಡುವ ಶೂನ್ಯ ದರದ ಚೀಟಿ. 2023ರ ಜೂನ್ 11ರಿಂದ ನಡೆದುಬಂದ ಶಕ್ತಿ ಯೋಜನೆಯು ಈ ಹುಡುಗಿಯರ ಪಾಲಿಗೆ ಎಷ್ಟು ದೊಡ್ಡದೆಂಬುದನ್ನು ಆ ಚೀಟಿಯೇ ಹೇಳುವುದು. ನಿರೂಪಕನು ಬಾಯಿ ತೆರೆಯಬೇಕಾಗಿಲ್ಲ. ಆದರೆ ಅದೇ ದೃಶ್ಯದಲ್ಲಿ ಪಾಸು ತೋರಿಸುವ ಹುಡುಗನೂ ಇರಲಿ. ಅವನ ಖರ್ಚು ಬೇರೆಯೆಂದು ಅವನ ತಂದೆಗೆ ತಿಳಿಯಬೇಕು.

ಎರಡನೆಯ ದೃಶ್ಯ ತರಗತಿ. ಅರುವತ್ತು ಜನರು ಕುಳಿತಿದ್ದರೆ ಅರುವತ್ತು ಜನರೂ ಕಾಣಲಿ. ಮುಂದಿನ ಬೆಂಚಿನ ಆರು ಮಂದಿಯನ್ನು ಮಾತ್ರ ಚೌಕಟ್ಟಿನಲ್ಲಿ ಹಿಡಿಯುವುದು ಸುಳ್ಳಿನ ಒಂದು ಬಗೆ. ಮೂರನೆಯದು ಪ್ರಯೋಗಶಾಲೆ. ಒಂದು ಸೂಕ್ಷ್ಮದರ್ಶಕಕ್ಕೆ ಮೂವರು ಸರದಿಯಲ್ಲಿ ನಿಂತರೆ ಹಾಗೆಯೇ ತೋರಿಸತಕ್ಕದ್ದು. ಸರದಿಯಲ್ಲಿ ನಿಂತವರ ಮಾತಿನಲ್ಲಿಯೇ ಕಲಿಕೆಯ ನಿಜವಾದ ಶಬ್ದ ಕೇಳಿಬರುವುದು. ಆಮೇಲೆ ಬುತ್ತಿಯೂಟ, ಕುಡಿಯುವ ನೀರು, ಹೆಣ್ಣುಮಕ್ಕಳ ಶೌಚಾಲಯ. ಕೊನೆಯದನ್ನು ತೋರಿಸಲು ಸಂಕೋಚಪಡುವ ಕಾಲೇಜು ಏಕೆ ಸಂಕೋಚಪಡುತ್ತದೆಂದು ಮೊದಲು ತನ್ನನ್ನೇ ಕೇಳಿಕೊಳ್ಳಲಿ. ಮಗಳನ್ನು ಕಳುಹಿಸುವ ತಾಯಿಗೆ ಅಧ್ಯಕ್ಷರ ದೀಪಕ್ಕಿಂತ ಆ ಬಾಗಿಲಿನ ಚಿಲಕ ಮುಖ್ಯ. ಕಡೆಗೆ ಸಂಜೆಯ ಕೊನೆಯ ಬಸ್ಸು. ಅದು ಐದೂವರೆಗೆ ಹೊರಡುವುದಾದರೆ, ಗ್ರಂಥಾಲಯವು ಏಳರ ತನಕ ತೆರೆದಿರುವುದೆಂಬ ಹೆಮ್ಮೆಯ ಮಾತು ಹಳ್ಳಿಯ ವಿದ್ಯಾರ್ಥಿನಿಗೆ ನಿರರ್ಥಕ.

ಮಾತನಾಡುವ ವಿದ್ಯಾರ್ಥಿಗಳ ಕೈಗೆ ಚೀಟಿ ಕೊಡಬಾರದು. ‘ನಮ್ಮ ಕಾಲೇಜು ಹೇಗಿದೆ?’ ಎಂದು ಕೇಳಿದರೆ ‘ತುಂಬಾ ಚೆನ್ನಾಗಿದೆ ಸಾರ್’ ಎಂಬುದಕ್ಕಿಂತ ಬೇರೆ ಉತ್ತರ ಬಾರದು. ‘ಇಂದು ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದಿರಿ?’, ‘ಮೊದಲನೆಯ ತಿಂಗಳಲ್ಲಿ ಯಾವ ಪಾಠ ಅರ್ಥವಾಗಲಿಲ್ಲ? ಆಗ ಯಾರ ಬಳಿಗೆ ಹೋದಿರಿ?’ ಎಂದು ಕೇಳಿರಿ. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಪಾಠದಲ್ಲಿ ತಬ್ಬಿಬ್ಬಾದ ಹುಡುಗನು, ತನ್ನ ಪಾಠವನ್ನು ಸಂಜೆ ಕೂರಿಸಿಕೊಂಡು ಬಿಡಿಸಿ ಹೇಳಿದ ಅಧ್ಯಾಪಕರ ಹೆಸರನ್ನು ತಾನಾಗಿಯೇ ಹೇಳಿದರೆ, ಅದಕ್ಕೆ ಸಮನಾದ ಜಾಹೀರಾತು ಇಲ್ಲ. ಯಾರೊಬ್ಬರೂ ಹಾಗೆ ಹೇಳದೆ ಹೋದರೆ ಕಾಲೇಜಿಗೆ ಬೇಕಾಗಿರುವುದು ಚಿತ್ರವಲ್ಲ. ಮಾತನಾಡಿದವರಿಂದ ಲಿಖಿತ ಒಪ್ಪಿಗೆಯನ್ನೂ, ಹದಿನೆಂಟು ತುಂಬದವರಾದರೆ ಪೋಷಕರ ಸಹಿಯನ್ನೂ ಪಡೆಯಬೇಕು; ಚಿತ್ರ ಹೊರಬೀಳುವ ಮುನ್ನ ಅವರಿಗೆ ತೋರಿಸಿ, ಬೇಡವೆಂದರೆ ಆ ಭಾಗವನ್ನು ಬಿಡಬೇಕು. ಅವರ ಬಡತನವನ್ನು ಕರುಣೆಯ ಸರಕನ್ನಾಗಿ ಮಾಡುವುದು ಘೋಷವಾಕ್ಯಕ್ಕಿಂತಲೂ ಕೆಟ್ಟದ್ದು.

ಇನ್ನು ಉದ್ಯೋಗದ ಲೆಕ್ಕ. ಹೆಚ್ಚಿನ ಮೋಸವು ಇಲ್ಲಿಯೇ ನಡೆಯುವುದು. ಜಾಹೀರಾತುದಾರರೇ 1985ರಲ್ಲಿ ಕಟ್ಟಿಕೊಂಡ ಭಾರತೀಯ ಜಾಹೀರಾತು ಮಾನದಂಡ ಪರಿಷತ್ತು ವಿದ್ಯಾಸಂಸ್ಥೆಗಳಿಗೆಂದೇ ಕೆಲವು ನಿಯಮಗಳನ್ನು ವಿಧಿಸಿರುವುದು. ತೋರಿಸುವ ಕಟ್ಟಡ ಸಲಕರಣೆಗಳು ಜಾಹೀರಾತು ಹೊರಬೀಳುವಾಗ ನಿಜವಾಗಿಯೂ ಇರಬೇಕು. ಇಷ್ಟು ಜನರಿಗೆ ಉದ್ಯೋಗ ದೊರೆಯಿತೆಂದರೆ ಆ ವರ್ಷ ಒಟ್ಟು ಎಷ್ಟು ಜನರು ತೇರ್ಗಡೆಯಾದರೆಂಬುದನ್ನೂ ಹೇಳಬೇಕು. ನಮ್ಮ ಕಲ್ಪಿತ ಕಾಲೇಜಿನಲ್ಲಿ 112 ಮಂದಿ ತೇರ್ಗಡೆಯಾಗಿ, 40 ಮಂದಿ ಸಂದರ್ಶನಕ್ಕೆ ಕುಳಿತು, 23 ಮಂದಿಗೆ ಕೆಲಸ ಸಿಕ್ಕಿತೆನ್ನೋಣ. ‘ಅರ್ಧಕ್ಕಿಂತ ಹೆಚ್ಚು ಜನರಿಗೆ ಉದ್ಯೋಗ’ ಎಂಬುದು ಕುಳಿತವರ ಲೆಕ್ಕದಲ್ಲಿ ನಿಜ, ಓದಿದವರ ಲೆಕ್ಕದಲ್ಲಿ ಸುಳ್ಳು. ತೆರೆಯ ಮೇಲೆ 112, 40, 23 ಎಂಬ ಮೂರು ಅಂಕಿಗಳನ್ನೂ ಒಂದೇ ಗಾತ್ರದ ಅಕ್ಷರದಲ್ಲಿ, ವರ್ಷಸಹಿತವಾಗಿ, ಓದಲು ಸಾಕಾಗುವಷ್ಟು ಹೊತ್ತು ನಿಲ್ಲಿಸತಕ್ಕದ್ದು. ಮುಂದೆ ಓದಲು ಹೋದವರೆಷ್ಟು, ಮನೆಯ ಬೇಸಾಯಕ್ಕೆ ಮರಳಿದವರೆಷ್ಟು ಎಂಬುದನ್ನೂ ಸೇರಿಸಿದರೆ ಉಳಿದ ಸಂಖ್ಯೆಯು ಕಳಂಕವಾಗಿ ಕಾಣುವುದಿಲ್ಲ. ಶುಲ್ಕದ ವಿಷಯದಲ್ಲಿಯೂ ಹಾಗೆಯೇ. ಪರೀಕ್ಷೆ, ಪ್ರಯೋಗಶಾಲೆ, ಹಾಸ್ಟೆಲು ಎಲ್ಲವೂ ಸೇರಿದ ವರ್ಷದ ಮೊತ್ತವು ಒಂದೇ ಕಡೆ ಕಾಣಲಿ.

ಬರೆದ ಕಥೆ ಸತ್ಯವಾಗಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆಗಳುಂಟು. ಪ್ರತಿಯೊಂದು ವಾಕ್ಯದಲ್ಲಿಯೂ ನೆರೆಯೂರಿನ ಕಾಲೇಜಿನ ಹೆಸರನ್ನು ಇಟ್ಟು ಓದಿರಿ. ಮಾಗಡಿಯನ್ನು ತೆಗೆದು ಕನಕಪುರವೆಂದು ಬರೆದರೂ ವಾಕ್ಯಕ್ಕೆ ಏನೂ ಕೊರತೆಯಾಗದಿದ್ದರೆ ಅದನ್ನು ಹೊಡೆದುಹಾಕಿರಿ. ಅದು ನಿಮ್ಮ ಕಾಲೇಜಿನ ಬಗ್ಗೆ ಏನನ್ನೂ ಹೇಳುತ್ತಿಲ್ಲ. ಎರಡನೆಯದು, ಚಿತ್ರದ ಕರಡು ಪ್ರತಿಯನ್ನು ಎರಡನೆಯ ವರ್ಷದ ವಿದ್ಯಾರ್ಥಿಗಳಿಗೆ, ಅಧ್ಯಾಪಕರಾರೂ ಕೋಣೆಯಲ್ಲಿಲ್ಲದಾಗ ತೋರಿಸಿರಿ. ಅವರು ಎಲ್ಲಿ ನಗುವರೋ ಅಲ್ಲಿ ಸುಳ್ಳಿದೆ. ಆ ಕ್ಷಣವನ್ನು ಗುರುತುಹಾಕಿಕೊಂಡು ಕತ್ತರಿಸುವುದಕ್ಕಿಂತ ಉತ್ತಮವಾದ ಸಂಕಲನ ಬೇರೊಂದಿಲ್ಲ.

‘ಕೊರತೆಯನ್ನು ನಾವೇ ಸಾರಿದರೆ ಪ್ರವೇಶ ಕುಸಿಯುವುದಿಲ್ಲವೇ? ಬೆಂಗಳೂರು ಐವತ್ತು ಅರುವತ್ತು ಕಿಲೋಮೀಟರು ಮಾತ್ರ. ಅಲ್ಲಿನ ಕಾಲೇಜುಗಳು ಬಣ್ಣ ಹಚ್ಚಿ ಕರೆಯುತ್ತಿರುವಾಗ ನಾವೊಬ್ಬರೇ ಸತ್ಯವಂತರಾದರೆ ಕೊಠಡಿಗಳು ಬರಿದಾಗುವುವು’ ಎಂದು ಪ್ರಾಂಶುಪಾಲರೊಬ್ಬರು ಕೇಳಬಹುದು. ಈ ಆತಂಕವು ಅಸತ್ಯವಲ್ಲ. ಕೆಲವರು ಚಿತ್ರವನ್ನು ನೋಡಿ ಬಾರದೆ ಹೋಗುವುದುಂಟು. ಆದರೆ ಹಾಸ್ಟೆಲಿನಲ್ಲಿ ಸ್ಥಳ ಸಾಲದೆಂದು ಮೊದಲೇ ತಿಳಿದವನು ಬೇರೆ ವ್ಯವಸ್ಥೆಯನ್ನು ಮಾಡಿಕೊಂಡು ಬರುವನು. ಜುಲೈ ತಿಂಗಳಲ್ಲಿ ತಿಳಿದವನು ಕಟ್ಟಿದ ಶುಲ್ಕವನ್ನೂ ಕಳೆದ ವರ್ಷವನ್ನೂ ಬಿಟ್ಟು ಹೊರಡುವನು. ಮೊದಲ ಸೆಮಿಸ್ಟರಿಗೆ ಸೇರಿದವರ ಸಂಖ್ಯೆಯನ್ನಲ್ಲದೆ ಕೊನೆಯ ಸೆಮಿಸ್ಟರಿನ ಹಾಜರಿಯನ್ನೂ ಲೆಕ್ಕಕ್ಕೆ ಹಿಡಿಯುವ ಕಾಲೇಜಿಗೆ ಈ ವ್ಯತ್ಯಾಸ ಬೇಗನೆ ಕಾಣುವುದು.

ಚಿತ್ರಕ್ಕೆ ತನ್ನದೇ ಆದ ಮಿತಿಯೂ ಉಂಟು. ನಾಲ್ಕು ನಿಮಿಷಗಳಲ್ಲಿ ಬಿಟ್ಟದ್ದೇ ಹೆಚ್ಚಾಗುವುದು. ಬಿಡುವುದರಲ್ಲಿಯೂ ಸುಳ್ಳಿಗೆ ಎಡೆಯಿದೆ. ಆದ್ದರಿಂದ ಚಿತ್ರವು ಘೋಷವಾಕ್ಯದಿಂದ ಮುಗಿಯದೆ, ಪೋಷಕರು ಮಕ್ಕಳೊಡನೆ ಬಂದು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಬಹುದಾದ ಒಂದು ದಿನಾಂಕದಿಂದ ಮುಗಿಯಲಿ. ಈ ಸೀಮೆಯ ತಾಲ್ಲೂಕುಗಳ ಕಾಲೇಜು ಅಭಿವೃದ್ಧಿ ಸಮಿತಿಗಳ ಸದಸ್ಯರು ಮುಂದಿನ ಚಿತ್ರಕ್ಕೆ ಹಣ ಮಂಜೂರು ಮಾಡುವ ಮುನ್ನ, ಈ ದಿನಾಂಕವು ಕಥೆಯಲ್ಲಿ ಇದೆಯೇ ಎಂಬುದೊಂದನ್ನು ಕೇಳಿದರೆ ಸಾಕು. ಬಾಗಿಲು ತೆರೆದು ತೋರಿಸಲು ಅಂಜದ ಕಾಲೇಜು ಚಿತ್ರದಲ್ಲಿ ಸುಳ್ಳಾಡುವ ಅವಶ್ಯಕತೆಯಿಲ್ಲ.