ಮೂಗಿಗೆ ಕಾಫಿ ಬೀಜ ಬೇಡ, ಹೊರಗಿನ ಗಾಳಿ ಸಾಕು

ಕಡೂರಿನ ಅಂಗಡಿಯಲ್ಲಿ ಸೆಂಟ್ ಆರಿಸೋಕೆ ನಿಂತರೆ ಐದನೇ ಬಾಟಲಿ ಹೊತ್ತಿಗೆ ಎಲ್ಲವೂ ಒಂದೇ ಥರ ಅನ್ನಿಸುತ್ತೆ. ತಪ್ಪು ಸೆಂಟಿನದಲ್ಲ, ಮೂಗು ಸೋತಿರುತ್ತೆ. ವಾಸನೆ ಬಿಡದೆ ಬರುತ್ತಿದ್ದರೆ ಮೂಗು, ಮಿದುಳು ಎರಡೂ ಅದಕ್ಕೆ ಒಗ್ಗಿಹೋಗುತ್ತವೆ. ಮನೆಯವರಿಗೆ ಗೊತ್ತೇ ಆಗದ ಊದುಬತ್ತಿಯ ಪರಿಮಳ ಹೊರಗಿನಿಂದ ಬಂದವರಿಗೆ ಬಾಗಿಲಲ್ಲೇ ತಟ್ಟೋದು ಇದಕ್ಕೇ.

ಆಗ ಕೆಲವು ಅಂಗಡಿಗಳಲ್ಲಿ ಕಾಫಿ ಬೀಜದ ಡಬ್ಬಿ ಮುಂದೆ ಬರುತ್ತೆ. ಕಾಫಿ ಬೆಳೆಯುವ ಜಿಲ್ಲೆಯವರಾದ ನಮಗೆ ಅದನ್ನು ನಂಬೋಕೆ ಆಸೆ. ಆದರೆ ಅಮೆರಿಕದ ಬೆಲಾಯ್ಟ್ ಕಾಲೇಜಿನವರು ಇದನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಹಲವು ಸೆಂಟ್ ಮೂಸಿದವರಿಗೆ ಕಾಫಿ ಬೀಜ, ನಿಂಬೆ ಹೋಳು ಅಥವಾ ಬರೀ ಗಾಳಿ ಕೊಟ್ಟು, ಹೊಸ ಪರಿಮಳ ಗುರುತಿಸಲು ಹೇಳಿದರು. ಕಾಫಿಯಿಂದ ಬರೀ ಗಾಳಿಗಿಂತ ಹೆಚ್ಚು ಲಾಭ ಕಾಣಲಿಲ್ಲ. ಕಾಫಿಯೂ ಒಂದು ಗಾಢ ವಾಸನೆಯೇ ತಾನೆ? ಬಾಗಿಲಾಚೆ ಐದು ನಿಮಿಷ ನಿಂತು ಬನ್ನಿ, ಸಾಕು.

ಕಾಗದದ ಪಟ್ಟಿ ಇರೋದು ಬೇಡವಾದದ್ದನ್ನು ಬಿಡೋಕೆ. ಮೂರ್ನಾಲ್ಕು ಪಟ್ಟಿಗಿಂತ ಹೆಚ್ಚು ಬೇಡ. ಪ್ರತಿಯೊಂದರ ಮೇಲೂ ಸೆಂಟಿನ ಹೆಸರು ಬರೆದುಕೊಳ್ಳಿ. ಸಿಂಪಡಿಸಿದ ತಕ್ಷಣ ಮೂಗಿಗೆ ಹೊಡೆಯೋದು ಆಲ್ಕೋಹಾಲ್. ಅರ್ಧ ನಿಮಿಷ ಬಿಟ್ಟು, ಪಟ್ಟಿ ಮೂಗಿಗೆ ತಾಗದಂತೆ ಹಿಡಿದು ಮೂಸಿ.

ಕೊಳ್ಳುವ ತೀರ್ಮಾನ ಮಾತ್ರ ಚರ್ಮದ ಮೇಲೆ. ಕಾಗದಕ್ಕೆ ಮೈಬಿಸಿಯಿಲ್ಲ, ಎಣ್ಣೆ ಪಸೆಯಿಲ್ಲ. ಹಾಗಾಗಿ ಅದೇ ಸೆಂಟ್ ಕೈಮೇಲೆ ಬೇರೆಯಾಗಿ ಅರಳಬಹುದು. ಘಮಘಮ ಸೋಪು, ಲೋಷನ್ ಹಚ್ಚದ ಕೈಗಳಿರಲಿ. ಒಂದು ಮಣಿಕಟ್ಟಿಗೆ ಒಂದು, ಇನ್ನೊಂದಕ್ಕೆ ಇನ್ನೊಂದು. ಅಷ್ಟೇ. ಮಣಿಕಟ್ಟುಗಳನ್ನು ಉಜ್ಜಬೇಡಿ, ಎರಡೂ ಬೆರೆತುಹೋಗುತ್ತವೆ.

ಆಮೇಲೆ ದುಡ್ಡು ಕೊಡದೆ ಊರಿಗೆ ಹೊರಡಿ. ಎಡಗೈಲಿ ನಿಂಬೆ ಘಮದ ಸೆಂಟು, ಬಲಗೈಲಿ ಗಂಧದ್ದು ಅಂತಿಟ್ಟುಕೊಳ್ಳಿ. ಬೀರೂರು ಬರುವಾಗ ಎರಡೂ ಜೋರಾಗಿರುತ್ತವೆ. ಅಲ್ಲಿಂದ ತರೀಕೆರೆ ಕಡೆಗೋ ಅಜ್ಜಂಪುರದ ಕಡೆಗೋ ತಿರುಗಿ ಮನೆ ಸೇರುವಷ್ಟರಲ್ಲಿ ಹಗುರವಾದ ನಿಂಬೆಯ ಅಂಶ ಬಹುಪಾಲು ಹಾರಿರುತ್ತೆ. ನಿಧಾನವಾಗಿ ಆವಿಯಾಗುವ ಗಂಧ ಉಳಿದಿರುತ್ತೆ. ಎಡಗೈಲಿ ಆಗ ಉಳಿದದ್ದೇ ನೀವು ದಿನವಿಡೀ ಆಫೀಸಿನಲ್ಲಿ ಹೊತ್ತು ತಿರುಗುವ ವಾಸನೆ. ಅದು ಇಷ್ಟವಾದರೆ ಮಾತ್ರ ಕೊಳ್ಳಿ. ಚರ್ಮ ಕೆಂಪಾಗಿ ತುರಿಸಿದರೆ ಆ ಸೆಂಟ್ ಬೇಡವೇ ಬೇಡ.

ರಾತ್ರಿ ಹೊತ್ತಿಗೆ ಏನೂ ಗೊತ್ತಾಗದಿದ್ದರೆ 'ಇದು ನಿಲ್ಲಲ್ಲ' ಅಂತ ತಳ್ಳಿಹಾಕಬೇಡಿ. ನಿಮ್ಮ ಮೂಗು ಅದಕ್ಕೆ ಒಗ್ಗಿರಬಹುದು. ಅಡುಗೆಮನೆಯಲ್ಲಿರೋ ಅಮ್ಮನ ಮುಂದೆ ಕೈ ಚಾಚಿ, ಅವರು ಹೇಳ್ತಾರೆ.