ಉಳಿದವರಿಗೆ ಸುಳ್ಳು ಅಭಯ ಬೇಡ

ಕೆಲಸ ಕಡಿತದ ಮರುದಿನ ಉಳಿದ ಸಿಬ್ಬಂದಿಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಕಸದ ಬುಟ್ಟಿಗೇ ಲಾಯಕ್ಕು. ‘ನಾವೆಲ್ಲ ಒಂದೇ ಕುಟುಂಬ’, ‘ಇನ್ನು ಮುಂದಕ್ಕೆ ನೋಡೋಣ’ ಎನ್ನುತ್ತವೆ ಅವು. ಓದುವವನಿಗೆ ಬೇಕಾದ ಉತ್ತರ ಒಂದೇ: ಮುಂದಿನ ಪಟ್ಟಿಯಲ್ಲಿ ನನ್ನ ಹೆಸರಿದೆಯೇ?

2022ರ ನವೆಂಬರ್ 9ರಂದು ಮೆಟಾ 11,000ಕ್ಕೂ ಹೆಚ್ಚು ಮಂದಿಯನ್ನು ತೆಗೆದಾಗ ಮಾರ್ಕ್ ಜುಕರ್‌ಬರ್ಗ್ ಹೊಣೆ ತಮ್ಮದೆಂದು ಬರೆದರು. ನಾಲ್ಕು ತಿಂಗಳಾಯಿತು. 2023ರ ಮಾರ್ಚ್ 14ರಂದು ಮತ್ತೆ ಸುಮಾರು 10,000 ಹುದ್ದೆಗಳಿಗೆ ಕತ್ತರಿ ಬಿತ್ತು. ತಂತ್ರಜ್ಞಾನ ವಿಭಾಗದವರಿಗೆ ಏಪ್ರಿಲ್ ಕೊನೆಗೆ, ವ್ಯವಹಾರ ವಿಭಾಗದವರಿಗೆ ಮೇ ಕೊನೆಗೆ ತಿಳಿಸುವುದಾಗಿ ಹೇಳಲಾಯಿತು. ದಿನ ಗೊತ್ತುಮಾಡಿದ್ದು ಸರಿ. ಆದರೆ ಎರಡೂವರೆ ತಿಂಗಳು ಜನರನ್ನು ತೂಗುಗತ್ತಿಯ ಕೆಳಗೆ ಕೂರಿಸಿದ್ದು ತಪ್ಪು. ಒಮ್ಮೆ ಹೊಣೆ ಹೊತ್ತ ಮಾತಿಗೆ ಆ ಬಳಿಕ ಬೆಲೆಯೆಲ್ಲಿ ಉಳಿದೀತು?

2020ರ ಮೇ 5ರ ಏರ್‌ಬಿಎನ್‌ಬಿ ಪತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕೋವಿಡ್‌ನಿಂದ ಪ್ರವಾಸ ನಿಂತುಹೋಗಿತ್ತು. 7,500 ಸಿಬ್ಬಂದಿಯಲ್ಲಿ ಸುಮಾರು 1,900 ಮಂದಿ ಹೊರಹೋಗಬೇಕಾಯಿತು. ಕಂಪನಿಯ ಮುಖ್ಯಸ್ಥ ಬ್ರಯಾನ್ ಚೆಸ್ಕಿ ಹೋಗುವವರಿಗೂ ಉಳಿಯುವವರಿಗೂ ಒಂದೇ ಪತ್ರ ಬರೆದರು. ಪ್ರವಾಸ ಯಾವಾಗ ಮರಳುವುದೋ ತಿಳಿಯದು, ಮರಳಿದರೂ ಮೊದಲಿನಂತಿರದು ಎಂದು ಒಪ್ಪಿಕೊಂಡರು. ಸಾರಿಗೆ ಮತ್ತು ಸ್ಟುಡಿಯೊ ಯೋಜನೆಗಳನ್ನು ನಿಲ್ಲಿಸುತ್ತೇವೆ, ಹೋಟೆಲ್ ಮತ್ತು ಐಷಾರಾಮಿ ತಂಗುದಾಣಗಳ ಹೂಡಿಕೆ ತಗ್ಗಿಸುತ್ತೇವೆ ಎಂದು ಹೆಸರಿಟ್ಟು ಹೇಳಿದರು. ಅಮೆರಿಕದಲ್ಲಿ ಹೋಗುವವರಿಗೆ 14 ವಾರಗಳ ಮೂಲ ಸಂಬಳ, ಸೇವೆಯ ಪ್ರತಿ ವರ್ಷಕ್ಕೆ ಇನ್ನೊಂದು ವಾರದ್ದು, ಒಂದು ವರ್ಷದ ಆರೋಗ್ಯ ವಿಮೆ ಕೊಟ್ಟರು. ಉಳಿದವರಿಗೆ ಇದು ಕೇವಲ ಪರರ ಲೆಕ್ಕವಲ್ಲ. ನಾಳೆ ನನ್ನ ಸರದಿ ಬಂದರೆ ಹೇಗೆ ನಡೆಸಿಕೊಂಡಾರು ಎಂಬುದನ್ನು ಅವರು ಅಲ್ಲೇ ಓದಿಕೊಳ್ಳುತ್ತಾರೆ. ರಾತ್ರೋರಾತ್ರಿ ಲ್ಯಾಪ್‌ಟಾಪ್ ಲಾಗಿನ್ ಕಿತ್ತುಕೊಂಡು, ಬೆಳಿಗ್ಗೆ ವಿಶ್ವಾಸದ ಪತ್ರ ಕಳಿಸುವವರಿಗೆ ಇಷ್ಟು ಅರ್ಥವಾಗಬೇಕು.

ಮಾತೆಲ್ಲ ಹುಸಿಯಾಗುವುದು ಸಾಮಾನ್ಯವಾಗಿ ಕೆಲಸದ ಹಂಚಿಕೆಯಲ್ಲಿ. ಹನ್ನೆರಡು ಮಂದಿಯ ತಂಡದಲ್ಲಿ ನಾಲ್ವರು ಹೋದರೆನ್ನಿ. ರಾತ್ರಿ ಪಾಳಿಯ ಸಪೋರ್ಟ್, ವಾರದ ರಿಪೋರ್ಟು, ಅರ್ಧಕ್ಕೆ ನಿಂತ ಪ್ರಾಜೆಕ್ಟು, ಎಲ್ಲವೂ ಸದ್ದಿಲ್ಲದೆ ಎಂಟು ಜನರ ಹೆಗಲೇರುತ್ತವೆ. ‘ಈ ಪ್ರಾಜೆಕ್ಟು ನಿಲ್ಲುತ್ತದೆ, ಈ ರಿಪೋರ್ಟು ಇನ್ನು ತಿಂಗಳಿಗೊಮ್ಮೆ, ರಾತ್ರಿ ಪಾಳಿಗೆ ಬೇರೆ ತಂಡದ ಇಬ್ಬರು ಬರುತ್ತಾರೆ’ ಎಂದು ಮ್ಯಾನೇಜರ್ ಅದೇ ವಾರ ಬರೆದುಕೊಡದಿದ್ದರೆ, ಸಂಸ್ಥೆ ಕೆಲಸವನ್ನು ಕಡಿತಗೊಳಿಸಿಲ್ಲ, ಕೂಲಿಯನ್ನಷ್ಟೇ ಉಳಿಸಿದೆ. ಸಿಬ್ಬಂದಿ ಇದನ್ನು ಬೇಗ ಗುರುತಿಸುತ್ತಾರೆ. ಸಭೆಗಳಲ್ಲಿ ಪ್ರಶ್ನೆ ಕೇಳುವವರು ಇಲ್ಲವಾಗುತ್ತಾರೆ, ಊಟದ ಹೊತ್ತಿನಲ್ಲಿ ರೆಸ್ಯೂಮೆ ತಿದ್ದುವವರು ಹೆಚ್ಚುತ್ತಾರೆ.

‘ಇನ್ನು ಕಡಿತವಿಲ್ಲ’ ಎಂಬ ಭರವಸೆಯನ್ನು ಕೊಡಲಾಗದ ಆಡಳಿತ ಅದನ್ನು ಕೊಡಲೇಬಾರದು. ‘ಮುಂದಿನ ತ್ರೈಮಾಸಿಕದ ಲೆಕ್ಕ ಬಂದ ಮೇಲೆ ಇಂಥ ದಿನ ಮತ್ತೆ ಪರಿಶೀಲಿಸುತ್ತೇವೆ, ಆದಾಯ ಈ ಮಟ್ಟಕ್ಕಿಂತ ಇಳಿದರೆ ಹುದ್ದೆಗಳನ್ನು ಮುಟ್ಟಬೇಕಾದೀತು’ ಎಂದು ಬರೆಯಲಿ. ಆ ದಿನ ಹೇಳಲು ಹೊಸದೇನೂ ಇಲ್ಲದಿದ್ದರೂ ಸಿಬ್ಬಂದಿಯ ಮುಂದೆ ಬಂದು ಅದನ್ನೇ ಹೇಳಲಿ.