ಮುಖ ನೋಡಿ ಹಿಡಿಯುವ ಮೊದಲು ನಿಯಮ ಬರಲಿ

ದಾವಣಗೆರೆ, ಹರಿಹರದ ಬಂಧುಗಳೇ,

ಬೆಂಗಳೂರಿನ ಸೇಫ್ ಸಿಟಿ ಯೋಜನೆಯಲ್ಲಿ ಮುಖ ಗುರುತಿಸುವ ಕ್ಯಾಮೆರಾಗಳು ಆಗಲೇ ಬಂದಿವೆ. ನಮ್ಮೂರಿಗೆ ಅದು ಬರಲು ಹೊಸ ಕಂಬ ನೆಡಬೇಕಿಲ್ಲ. ಸರ್ಕಲ್‌ಗಳಲ್ಲಿ ಇರುವ ಕ್ಯಾಮೆರಾಗಳಿಗೇ ತಂತ್ರಾಂಶ ಜೋಡಿಸಿದರೆ ಸಾಕು. ಆದ್ದರಿಂದ ಕೇಳಬೇಕಾದ್ದನ್ನು ಈಗಲೇ ಕೇಳೋಣ.

ಆ ತಂತ್ರಾಂಶ ‘ಇವನೇ ಕಳ್ಳ’ ಎಂದು ಹೇಳುವುದಿಲ್ಲ. ಎರಡು ಮುಖ ಎಷ್ಟು ಹೋಲುತ್ತವೆ ಎಂದು ಅಂಕ ಕೊಡುತ್ತದೆ, ಅಷ್ಟೆ. ಎಷ್ಟು ಅಂಕಕ್ಕೆ ‘ಸಿಕ್ಕಿದ’ ಎನ್ನಬೇಕೆಂದು ಗೆರೆ ಎಳೆಯುವವರು ಅಧಿಕಾರಿಗಳು. ದೆಹಲಿ ಪೊಲೀಸರ ಗೆರೆ ಶೇ 80 ಎಂಬುದು 2022ರಲ್ಲಿ ಮಾಹಿತಿ ಹಕ್ಕಿನ ಉತ್ತರದಿಂದ ಹೊರಬಂತು. ಅಂಕ 80 ಬಂದರೆ ಆತನೇ ಆಗಿರುವ ಸಾಧ್ಯತೆ ಶೇ 80 ಎಂದು ಅರ್ಥವಲ್ಲ.

ಅಮೆರಿಕದ ಸರ್ಕಾರಿ ಮಾಪನ ಸಂಸ್ಥೆ ನಿಸ್ಟ್ 2019ರಲ್ಲಿ ಪರೀಕ್ಷಿಸಿದಾಗ, ಹಲವು ತಂತ್ರಾಂಶಗಳು ಆಫ್ರಿಕ ಮತ್ತು ಏಷ್ಯಾ ಮೂಲದವರ ಮುಖಗಳನ್ನು ಬಿಳಿಯರಿಗಿಂತ 10ರಿಂದ 100 ಪಟ್ಟು ಹೆಚ್ಚು ಬಾರಿ ಬೇರೆಯವರದೆಂದು ತಪ್ಪಾಗಿ ಹೊಂದಿಸಿದವು. ಕೆಲವು ತಂತ್ರಾಂಶಗಳಲ್ಲಿ ಈ ಅಂತರ ತೀರಾ ಕಡಿಮೆಯಿತ್ತು. ಅಂದರೆ ಯಾವುದನ್ನು ಕೊಳ್ಳುತ್ತಾರೆ ಎಂಬುದೇ ಮುಖ್ಯ. ಯಂತ್ರಕ್ಕೆ ಕಲಿಸಲು ಬಳಸಿದ ಚಿತ್ರಗಳಲ್ಲಿ ಕಪ್ಪು ಮೈಬಣ್ಣದವರು ಕಡಿಮೆ ಇದ್ದರೆ ಅಂಥವರ ನಡುವಿನ ವ್ಯತ್ಯಾಸ ಅದಕ್ಕೆ ಸರಿಯಾಗಿ ತಿಳಿಯದು. ಸಂಜೆಯ ಮಂದ ಬೆಳಕಿನಲ್ಲಿ ಕಪ್ಪು ಮುಖದ ಗೆರೆಗಳನ್ನು ಕ್ಯಾಮೆರಾವೇ ಸರಿಯಾಗಿ ಹಿಡಿಯದು. ಎಪಿಎಂಸಿಯ ಹಮಾಲರು, ಮಂಡಕ್ಕಿ ಭಟ್ಟಿಯ ಕೆಲಸಗಾರರು ಮನೆಗೆ ಹೊರಡುವುದೇ ಆ ಹೊತ್ತಿಗೆ.

ಲೆಕ್ಕ ಹಾಕಿ ನೋಡೋಣ. ದುಗ್ಗಮ್ಮನ ಜಾತ್ರೆಯಲ್ಲಿ 50,000 ಜನ ಕ್ಯಾಮೆರಾ ಮುಂದೆ ಹಾದರು, ಬೇಕಾದ ಆರೋಪಿಗಳು ಅವರಲ್ಲಿ ಐವರು ಎನ್ನೋಣ. ಸಾವಿರಕ್ಕೆ ಒಂದೇ ತಪ್ಪಾದರೂ 50 ನಿರಪರಾಧಿಗಳ ಮೇಲೆ ಗುರುತು ಬೀಳುತ್ತದೆ. ತಪ್ಪು ಹತ್ತು ಪಟ್ಟಾದರೆ 500.

ಡೆಟ್ರಾಯಿಟ್ ಪೊಲೀಸರು 2020ರ ಜನವರಿಯಲ್ಲಿ ಕಪ್ಪು ವರ್ಣೀಯ ರಾಬರ್ಟ್ ವಿಲಿಯಮ್ಸ್ ಅವರನ್ನು ಇಂಥದ್ದೇ ತಪ್ಪಿನಿಂದ ಹೆಂಡತಿ, ಮಕ್ಕಳ ಕಣ್ಣೆದುರೇ ಬಂಧಿಸಿದರು. ಅವರು ಹೂಡಿದ ಮೊಕದ್ದಮೆ 2024ರಲ್ಲಿ ರಾಜಿಯಾದ ಬಳಿಕ, ಮುಖದ ಹೊಂದಿಕೆಯೊಂದನ್ನೇ ನಂಬಿ ಯಾರನ್ನೂ ಬಂಧಿಸಬಾರದೆಂದು ಅಲ್ಲಿಯ ಪೊಲೀಸರು ನಿಯಮ ಒಪ್ಪಿಕೊಂಡರು. ನಮ್ಮಲ್ಲಿ ಆ ನಿಯಮ ಯಾರನ್ನೂ ಬಲಿ ಕೊಡದೆ ಮೊದಲೇ ಬರಲಿ.

ನಮ್ಮ ಒತ್ತಾಯ ಇದು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಖಾಸಗಿತನಕ್ಕೆ ಕೈಹಾಕಲು ಕಾನೂನು ಬೇಕು. ಅದು ಬರುವ ತನಕ ಪೊಲೀಸರು ಬೀದಿಯಲ್ಲಿ ಈ ತಂತ್ರಾಂಶವನ್ನು ಬಳಸಬಾರದು. ಕೊಳ್ಳುವ ಮುನ್ನ ನಮ್ಮೂರ ಬೆಳಕಿನಲ್ಲಿ, ನಮ್ಮೂರ ಮೈಬಣ್ಣಗಳ ಮೇಲೆ ಪರೀಕ್ಷಿಸಿ, ಪ್ರತಿ ಗುಂಪಿನ ತಪ್ಪಿನ ಪ್ರಮಾಣವನ್ನು ಬೇರೆ ಬೇರೆಯಾಗಿ ಪ್ರಕಟಿಸಬೇಕು. ಹೋರಾಟ, ಮೆರವಣಿಗೆಗಳಲ್ಲಿ ಬಳಸಲೇ ಕೂಡದು.

ಈ ವಾರವೇ ಎಸ್‌ಪಿ ಕಚೇರಿಯ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಇಷ್ಟು ಕೇಳಿ: ಜಿಲ್ಲೆಯಲ್ಲಿ ಮುಖ ಗುರುತಿಸುವ ತಂತ್ರಾಂಶ ಇದೆಯೇ, ಯಾವ ಕಂಪನಿಯದು, ಹೊಂದಿಕೆಯ ಗೆರೆ ಎಷ್ಟು, ಪರೀಕ್ಷಾ ವರದಿ ಎಲ್ಲಿ? 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿ ಹಾಕಿ. ಬಂದರೆ ಪ್ರತಿಯನ್ನು ನಿಮ್ಮ ವಾರ್ಡಿನ ಸಂಘದಲ್ಲಿ ಎಲ್ಲರೆದುರು ಓದಿ.